ಶಾಲೆಯ ಫೋನ್, ಶಿಕ್ಷಕರ ಫೋನ್: ಸಿಬ್ಬಂದಿಗೆ ಸಂದೇಶ ನಿಯಮ ಬರೆಯುವ ಬಗೆ

ಒಂಬತ್ತನೇ ತರಗತಿಯ ಗಣಿತ ಕಿರುಪರೀಕ್ಷೆಯ ಅಂಕಪಟ್ಟಿಯನ್ನು ನಮ್ಮ ಶಿಕ್ಷಕರೊಬ್ಬರು ಪೋಷಕರ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದ್ದು ಒಂದು ಶುಕ್ರವಾರ ಸಂಜೆ. ಕೈಬರಹದ ಹಾಳೆಯ ಫೋಟೊ. ನಲವತ್ತೊಂದು ಹೆಸರುಗಳು, ಹತ್ತಕ್ಕಿಂತ ಕಡಿಮೆ ಬಂದವರ ಅಂಕದ ಸುತ್ತ ಕೆಂಪು ಶಾಯಿಯ ಸುತ್ತು. ಸೋಮವಾರ, 25ಕ್ಕೆ 6 ಬಂದಿದ್ದ ಹುಡುಗಿ ಶಾಲೆಗೆ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಬುಧವಾರ ನಾನು ಮನೆಗೆ ಹೋದಾಗ ವಿಷಯ ತಿಳಿಯಿತು. ಗ್ರೂಪಿನಲ್ಲಿದ್ದ ಸಂಖ್ಯೆ ಅವಳ ತಂದೆಯದಲ್ಲ, ದೊಡ್ಡಪ್ಪನದು. ಅವರು ಆ ಹಾಳೆಯನ್ನು ಮನೆತನದ ಗ್ರೂಪಿಗೆ ದಾಟಿಸಿದ್ದರು. ಶನಿವಾರದ ಹೊತ್ತಿಗೆ ಅವಳ ಆರು ಅಂಕ ಮೂರು ಊರಿನ ನೆಂಟರಿಗೆ ಗೊತ್ತಾಗಿತ್ತು. ಹುಡುಗಿ ಒಳಕೋಣೆಯಿಂದ ಹೊರಗೆ ಬರಲೇ ಇಲ್ಲ. ಅವಳ ತಾಯಿ ನನ್ನನ್ನು ಕೇಳಿದ್ದು ಒಂದೇ ಮಾತು: “ಮೇಡಂ, ನಮಗೊಬ್ಬರಿಗೇ ಹೇಳಿದ್ದರೆ ಆಗುತ್ತಿರಲಿಲ್ಲವೇ?”

ಆ ಶಿಕ್ಷಕರು ಕೆಟ್ಟವರಲ್ಲ. ಪಟ್ಟಿ ಹಾಕಬಾರದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಹೇಳಬೇಕಾಗಿದ್ದವಳು ಮುಖ್ಯಶಿಕ್ಷಕಿಯಾದ ನಾನು. 2020ರಲ್ಲಿ ಶಾಲೆಗಳು ಮುಚ್ಚಿದಾಗ ರಾತ್ರೋರಾತ್ರಿ ಹುಟ್ಟಿದ ಗ್ರೂಪುಗಳು ಬಹಳಷ್ಟು ಶಾಲೆಗಳಲ್ಲಿ ನಿಯಮವೇ ಇಲ್ಲದೆ ಮುಂದುವರಿದಿವೆ. ಎಂಟರಿಂದ ಹತ್ತನೇ ತರಗತಿವರೆಗಿನ ಒಂದು ಪ್ರೌಢಶಾಲೆ ಎರಡು ಪುಟದ ಲಿಖಿತ ನಿಯಮವನ್ನು ಹೇಗೆ ಮಾಡಿಕೊಳ್ಳಬಹುದು ಎಂಬುದನ್ನು, ನಾವು ಮಾಡಿಕೊಂಡ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಇರುವುದನ್ನೆಲ್ಲ ಎಣಿಸಿ

ನಿಯಮ ಬರೆಯಲು ಕೂರುವ ಮೊದಲು ಸಿಬ್ಬಂದಿ ಸಭೆ ಕರೆದು ಎಲ್ಲರ ಕೈಗೆ ಒಂದೊಂದು ಹಾಳೆ ಕೊಡಿ. ವಿದ್ಯಾರ್ಥಿಗಳು ಅಥವಾ ಪೋಷಕರು ಇರುವ ಯಾವ ಯಾವ ಗ್ರೂಪಿನಲ್ಲಿ ನೀವಿದ್ದೀರಿ, ಅಡ್ಮಿನ್ ಯಾರು, ಯಾವ ವಿದ್ಯಾರ್ಥಿಯ ಸ್ವಂತ ಸಂಖ್ಯೆ ನಿಮ್ಮ ಫೋನಿನಲ್ಲಿದೆ, ಇನ್‌ಸ್ಟಾಗ್ರಾಂ ಅಥವಾ ಫೇಸ್‌ಬುಕ್‌ನಲ್ಲಿ ಯಾವ ವಿದ್ಯಾರ್ಥಿ ನಿಮ್ಮ ಜೊತೆ ಸೇರಿಕೊಂಡಿದ್ದಾನೆ ಎಂಬುದನ್ನು ಬರೆಯಲಿ. ಇದು ತಪ್ಪು ಹಿಡಿಯುವ ಸಭೆಯಲ್ಲ ಎಂದು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಹಾಳೆ ಖಾಲಿಯಾಗಿ ವಾಪಸು ಬರುತ್ತದೆ.

ನಮ್ಮಲ್ಲಿ ಮೂರು ತರಗತಿಗೆ ಹದಿನಾಲ್ಕು ಗ್ರೂಪುಗಳು ಸಿಕ್ಕವು. ಎರಡರಲ್ಲಿ ವರ್ಗವಾಗಿ ಹೋದ ಶಿಕ್ಷಕರೇ ಇನ್ನೂ ಅಡ್ಮಿನ್. ಒಂದು ಕ್ರೀಡಾಕೂಟದ ಗ್ರೂಪಿನಲ್ಲಿ ಹುಡುಗಿಯರ ಸ್ವಂತ ಸಂಖ್ಯೆಗಳ ಜೊತೆ ನಮಗೆ ಗುರುತೇ ಇಲ್ಲದ ಇಬ್ಬರು ಗಂಡಸರ ಸಂಖ್ಯೆಗಳಿದ್ದವು. ಎಲ್ಲಕ್ಕಿಂತ ಕಣ್ಣು ತೆರೆಸಿದ್ದು ವ್ಯಾನ್ ಚಾಲಕರ ಹಾಳೆ. ಬೆಳಗ್ಗೆ “ಬೇಗ ಬಾ” ಎಂದು ಕರೆಯಲು ಅವರ ಬಳಿ ಹನ್ನೊಂದು ಮಕ್ಕಳ ಸಂಖ್ಯೆಯಿತ್ತು. ಸಿಬ್ಬಂದಿ ಎಂದರೆ ಪಾಠ ಮಾಡುವವರು ಮಾತ್ರ ಎಂದು ಬರೆದ ನಿಯಮ ಅಲ್ಲಿಗೇ ಸೋತಂತೆ. ಗುಮಾಸ್ತರು, ಅಡುಗೆಯವರು, ಚಾಲಕರು, ಅತಿಥಿ ಶಿಕ್ಷಕರು, ಸಂಜೆ ಖೋಖೋ ಕಲಿಸಲು ಬರುವ ತರಬೇತುದಾರರು, ಎಲ್ಲರೂ ಮೊದಲ ಸಾಲಿನಲ್ಲೇ ಬರಬೇಕು.

ನಡುಗಂಬದಂಥ ಒಂದು ವಾಕ್ಯ

ನಮ್ಮ ನಿಯಮದ ಮೊದಲ ಕಲಂ ಹೀಗಿದೆ: “ಶಾಲೆಯ ಯಾವುದೇ ಸಿಬ್ಬಂದಿ ಮತ್ತು ವಿದ್ಯಾರ್ಥಿ, ಇಬ್ಬರೇ ಇರುವ ಖಾಸಗಿ ಸಂದೇಶ, ಕರೆ ಅಥವಾ ವಿಡಿಯೊ ಕರೆಯ ದಾರಿಯನ್ನು ಇಟ್ಟುಕೊಳ್ಳುವುದಿಲ್ಲ. ವಿದ್ಯಾರ್ಥಿಗೆ ತಿಳಿಸಬೇಕಾದದ್ದು ಪೋಷಕರ ಸಂಖ್ಯೆಗೆ, ಶಾಲೆಯ ಫೋನಿನಿಂದ ಹೋಗುತ್ತದೆ.” ಉಳಿದ ಕಲಮುಗಳೆಲ್ಲ ಇದರ ವಿವರ.

ಈ ವಾಕ್ಯಕ್ಕೆ ಸಭೆಯಲ್ಲಿ ವಿರೋಧ ಬರುತ್ತದೆ. “ನನ್ನ ಮೇಲೆ ಅನುಮಾನವೇ?” ಎಂದು ಹಿರಿಯ ಶಿಕ್ಷಕರೊಬ್ಬರು ನನ್ನನ್ನು ನೇರವಾಗಿ ಕೇಳಿದರು. ನಾನು ಕೊಟ್ಟ ಉತ್ತರ ಇದು: ಮಗುವಿಗೆ ಹಾನಿ ಮಾಡುವ ಉದ್ದೇಶವಿರುವವನೂ ಮೊದಲು ಕಳುಹಿಸುವುದು ಪಾಠದ ಸಂದೇಶವನ್ನೇ. ಆಮೇಲೆ “ಊಟ ಆಯಿತಾ”, ಆಮೇಲೆ “ಇದನ್ನು ಯಾರಿಗೂ ಹೇಳಬೇಡ”. ಒಳ್ಳೆಯ ಶಿಕ್ಷಕರ ಮೊದಲ ಸಂದೇಶಕ್ಕೂ ಅವನ ಮೊದಲ ಸಂದೇಶಕ್ಕೂ ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ. ಒಳ್ಳೆಯವರೆಲ್ಲ ಖಾಸಗಿ ದಾರಿಯನ್ನು ಬಿಟ್ಟುಕೊಟ್ಟರೆ, ಅದನ್ನು ಬಿಡದವನು ಎದ್ದು ಕಾಣುತ್ತಾನೆ. ಜೊತೆಗೆ ಸುಳ್ಳು ಆರೋಪ ಬಂದ ದಿನ ಶಿಕ್ಷಕರನ್ನು ಕಾಯುವುದೂ ಇದೇ ನಿಯಮ. ಪೋಕ್ಸೊ ಕಾಯ್ದೆ, 2012ರ 11ನೇ ಕಲಮಿನ ಪ್ರಕಾರ, ಲೈಂಗಿಕ ಉದ್ದೇಶದಿಂದ ಮಗುವನ್ನು ಪದೇ ಪದೇ ಹಿಂಬಾಲಿಸುವುದು ಅಥವಾ ಸಂಪರ್ಕಿಸುವುದು ಲೈಂಗಿಕ ಕಿರುಕುಳ. ಅದು ನೇರವಾಗಿಯೇ ಆಗಬೇಕೆಂದಿಲ್ಲ, ಫೋನಿನ ಮೂಲಕ ಮಾಡಿದರೂ ಅಷ್ಟೇ. ಈ ಕಾಯ್ದೆಯಲ್ಲಿ ಮಗು ಎಂದರೆ 18 ವರ್ಷದೊಳಗಿನ ಎಲ್ಲರೂ.

ಶಾಲೆಗೊಂದು ಫೋನ್

ಶಾಲೆಯ ಹೆಸರಿನಲ್ಲಿ ಒಂದು ಸಿಮ್, ಒಂದು ಸಾಧಾರಣ ಸ್ಮಾರ್ಟ್‌ಫೋನ್ ಬೇಕು. ಇದಕ್ಕಿಂತ ದೊಡ್ಡ ಖರ್ಚು ಈ ಕೆಲಸದಲ್ಲಿ ಇಲ್ಲ. ಸಂಜೆ ಶಾಲೆ ಬಿಡುವಾಗ ಆ ಫೋನ್ ಬೀರುವಿನೊಳಗೆ ಹೋಗಬೇಕು, ಪಾಸ್‌ವರ್ಡ್ ಮುಖ್ಯಶಿಕ್ಷಕರು ಮತ್ತು ಇನ್ನೊಬ್ಬರಿಗೆ ತಿಳಿದಿರಬೇಕು. ತರಗತಿ ಶಿಕ್ಷಕರು ಕಳುಹಿಸಬೇಕಾದದ್ದನ್ನು ಸೂಚನಾ ಪುಸ್ತಕದಲ್ಲಿ ಬರೆದು, ಕೊನೆಯ ಅವಧಿಯ ನಂತರ ಕಚೇರಿಗೆ ಬಂದು ಕಳುಹಿಸುತ್ತಾರೆ. ಮೊದಲ ತಿಂಗಳು ಎಲ್ಲರೂ ಗೊಣಗಿದರು. ಆದರೆ ಬರೆದು ಕಳುಹಿಸುವ ಆ ಹತ್ತು ನಿಮಿಷದಲ್ಲೇ ಅನೇಕ ಅನಗತ್ಯ ಸಂದೇಶಗಳು ಉದುರಿಹೋದವು.

ಸಂದೇಶ ಕಳುಹಿಸುವ ಬಗೆಯಲ್ಲೂ ಆಯ್ಕೆಯಿದೆ. ಸಾಮಾನ್ಯ ಗ್ರೂಪಿನಲ್ಲಿ ಪ್ರತಿಯೊಬ್ಬರ ಸಂಖ್ಯೆ ಉಳಿದವರಿಗೆಲ್ಲ ಕಾಣುತ್ತದೆ. ನಮ್ಮ ಶಾಲೆಯ ಇಬ್ಬರು ತಾಯಂದಿರಿಗೆ ಗ್ರೂಪಿನಿಂದ ಸಂಖ್ಯೆ ತೆಗೆದುಕೊಂಡ ಅಪರಿಚಿತರಿಂದ ರಾತ್ರಿ ಸಂದೇಶ ಬರುತ್ತಿತ್ತು. ಒಬ್ಬರು ಹೇಳಿದರು, ಇನ್ನೊಬ್ಬರು ಏನೂ ಹೇಳದೆ ಗ್ರೂಪ್ ಬಿಟ್ಟರು. ಆದ್ದರಿಂದ ನಾವು ತರಗತಿಗೊಂದು ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದೆವು. ಶಾಲೆಯ ಫೋನಿನಿಂದ ಹೋದ ಒಂದೇ ಸಂದೇಶ ಪ್ರತಿ ಪೋಷಕರಿಗೂ ಬೇರೆ ಬೇರೆಯಾಗಿ ತಲುಪುತ್ತದೆ, ಅವರ ಉತ್ತರ ಶಾಲೆಗೆ ಮಾತ್ರ ಬರುತ್ತದೆ, ಯಾರ ಸಂಖ್ಯೆಯೂ ಯಾರಿಗೂ ಕಾಣುವುದಿಲ್ಲ. ಒಂದು ಪಟ್ಟಿಗೆ 256 ಜನರ ಮಿತಿಯಿದೆ, ಒಂದು ತರಗತಿಗೆ ಅದು ಧಾರಾಳ. ಒಂದು ತೊಡಕೂ ಇದೆ. ಶಾಲೆಯ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಈ ಸಂದೇಶ ತಲುಪುತ್ತದೆ. ಮೊದಲ ಸಲ ಕಳುಹಿಸಿದ ಮರುದಿನ ಪಟ್ಟಿ ತೆರೆದು ನೋಡಿ. ಯಾರ ಮುಂದೆ ಇನ್ನೂ ಒಂದೇ ಟಿಕ್ ಗುರುತು ಇದೆಯೋ ಅವರು ಸಂಖ್ಯೆ ಉಳಿಸಿಕೊಂಡಿಲ್ಲದಿರಬಹುದು. ದಾಖಲಾತಿಯ ದಿನ ಕಚೇರಿಯಲ್ಲೇ, ಕಣ್ಣೆದುರಿಗೇ ಉಳಿಸಿಸಿಬಿಟ್ಟರೆ ಈ ತಾಪತ್ರಯ ಇರುವುದಿಲ್ಲ.

ಗ್ರೂಪ್ ಬೇಕೇಬೇಕು ಎನ್ನುವ ಶಾಲೆಗಳು ಕನಿಷ್ಠ ಗ್ರೂಪಿನ “Group permissions” ತೆರೆದು, ಸದಸ್ಯರು ಸಂದೇಶ ಕಳುಹಿಸುವ ಮತ್ತು ಹೊಸಬರನ್ನು ಸೇರಿಸುವ ಅನುಮತಿಗಳನ್ನು ಮುಚ್ಚಬೇಕು. ತಾನೇ ಅಳಿಸಿಹೋಗುವ ಸಂದೇಶದ ಸೌಲಭ್ಯವನ್ನು ಆಫ್ ಮಾಡಿಡಬೇಕು. ನಾಳೆ ಯಾವುದಾದರೂ ದೂರು ಬಂದರೆ ಏನು ಹೋಗಿತ್ತು ಎಂದು ತೋರಿಸಲು ದಾಖಲೆ ಬೇಕಲ್ಲವೇ? ಸ್ಮಾರ್ಟ್‌ಫೋನ್ ಇಲ್ಲದ ಮನೆಗಳ ಹೆಸರನ್ನು ಪ್ರತ್ಯೇಕವಾಗಿ ಬರೆದಿಟ್ಟು, ಅವರಿಗೆ ಚೀಟಿ ಅಥವಾ ಕರೆಯ ಮೂಲಕವೇ ತಿಳಿಸಿ. ನಮ್ಮಲ್ಲಿ ಅಂಥ ಏಳು ಮನೆಗಳಿದ್ದವು.

ಏನು ಹೋಗಬೇಕು, ಏನು ಹೋಗಬಾರದು

ರಜೆ, ಪರೀಕ್ಷೆಯ ದಿನಾಂಕ, ಸಭೆ, ಮರುದಿನ ತರಬೇಕಾದ ವಸ್ತು, ಇವು ಎಲ್ಲರಿಗೂ ಹೋಗಬಹುದು. ಒಂದು ಮಗುವಿನ ಹೆಸರು ಹೊತ್ತ ಯಾವ ಮಾತೂ ಎಲ್ಲರಿಗೂ ಹೋಗಬಾರದು. ಅಂಕ, ಶುಲ್ಕದ ಬಾಕಿ, ಗೈರುಹಾಜರಿ, ಜಾತಿ ಪ್ರಮಾಣಪತ್ರ ಕೊಡದವರ ಪಟ್ಟಿ, ವಿದ್ಯಾರ್ಥಿವೇತನ ತಿರಸ್ಕೃತವಾದವರ ಪಟ್ಟಿ, ಕಾಯಿಲೆ, ಶಿಸ್ತಿನ ವಿಷಯ, ಇವೆಲ್ಲವೂ ಆಯಾ ಮನೆಗೆ ಮಾತ್ರ. ಶುಲ್ಕದ ಪಟ್ಟಿಯಂತೂ ಬಡತನವನ್ನು ಬೀದಿಗೆ ತರುವ ಕೆಲಸ, ಅದನ್ನು ನಾನು ಎಂದಿಗೂ ಒಪ್ಪಲಾರೆ. ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್‌ನ ಫೋಟೊ ತರಿಸಿಕೊಳ್ಳುವುದೂ ನಿಲ್ಲಬೇಕು. ಶಿಕ್ಷಕರ ಸ್ವಂತ ಫೋನಿನ ಗ್ಯಾಲರಿಯಲ್ಲಿ ಮದುವೆ ಫೋಟೊಗಳ ನಡುವೆ ನಲವತ್ತು ಮಕ್ಕಳ ಆಧಾರ್ ಇರುವುದನ್ನು ನಾನೇ ನೋಡಿದ್ದೇನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ಕಾಗದದ ಪ್ರತಿಯನ್ನು ಕಚೇರಿಯಲ್ಲಿ ಪಡೆದು ಕಡತದಲ್ಲಿಟ್ಟರೆ ಎಲ್ಲರಿಗೂ ನೆಮ್ಮದಿ.

ಒಬ್ಬ ಪೋಷಕರಿಗೆ ಮಾತ್ರ ತಿಳಿಸುವಾಗಲೂ ಸಂಖ್ಯೆ ಯಾರದು ಎಂಬುದನ್ನು ಖಚಿತಪಡಿಸಿಕೊಳ್ಳಿ. ದೊಡ್ಡಪ್ಪನ ಕಥೆ ಮೊದಲೇ ಹೇಳಿದೆ. ರೀಚಾರ್ಜ್ ಮಾಡದೆ ಬಿಟ್ಟ ಸಂಖ್ಯೆಯನ್ನು ಕಂಪನಿ ಕೆಲವು ತಿಂಗಳ ನಂತರ ಬೇರೊಬ್ಬರಿಗೆ ಕೊಡುತ್ತದೆ, ಹಳೆಯ ಪಟ್ಟಿಯಲ್ಲಿ ಆ ಅಪರಿಚಿತರೇ ನಿಮಗೆ “ತಂದೆ” ಆಗಿ ಉಳಿಯುತ್ತಾರೆ. ಪ್ರತಿ ಜೂನ್‌ನಲ್ಲಿ ಹೊಸ ಹಾಳೆಯಲ್ಲಿ ಸಂಖ್ಯೆ, ಅದು ಯಾರದು, ಮಗುವಿಗೂ ಅವರಿಗೂ ಏನು ಸಂಬಂಧ ಎಂಬುದನ್ನು ಬರೆಸಿ ಸಹಿ ಹಾಕಿಸಿ. ತಂದೆ ತಾಯಿ ಬೇರೆಯಾಗಿರುವ ಮನೆಗಳಲ್ಲಿ ಇದು ಇನ್ನೂ ಸೂಕ್ಷ್ಮ.

ಎಸ್ಸೆಸ್ಸೆಲ್ಸಿ ತಿಂಗಳುಗಳು

ನಿಯಮ ಮುರಿಯುವುದು ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್ ನಡುವೆ, ಅದೂ ಕಳಕಳಿಯಿಂದಲೇ. ನಸುಕಿನಲ್ಲಿ ಕರೆ ಮಾಡಿ ಹತ್ತನೇ ತರಗತಿಯ ಮಕ್ಕಳನ್ನು ಎಬ್ಬಿಸುವ ರೂಢಿ ನಮ್ಮ ರಾಜ್ಯದ ಬಹಳಷ್ಟು ಶಾಲೆಗಳಲ್ಲಿದೆ, ಅದರಿಂದ ಪಾಸಾದ ಮಕ್ಕಳನ್ನು ನಾನು ಬಲ್ಲೆ. ಇದನ್ನು ನಿಷೇಧಿಸಿದರೆ ಶಿಕ್ಷಕರು ಕದ್ದು ಮಾಡುತ್ತಾರೆ. ಆದ್ದರಿಂದ ನಾವು ದಾರಿಯನ್ನೇ ಬರೆದೆವು. ಪೋಷಕರು ಲಿಖಿತ ಒಪ್ಪಿಗೆ ಕೊಟ್ಟ ಮನೆಗೆ ಮಾತ್ರ, ಪೋಷಕರ ಸಂಖ್ಯೆಗೆ ಮಾತ್ರ ಕರೆ. ಮೊದಲು ಫೋನ್ ಎತ್ತುವವರು ದೊಡ್ಡವರಾಗಿರಬೇಕು. ಧ್ವನಿ ಕರೆ ಮಾತ್ರ, ವಿಡಿಯೊ ಇಲ್ಲ. ಹುಡುಗಿಯರ ಮನೆಗೆ ಶಿಕ್ಷಕಿಯರೇ ಕರೆಯುತ್ತಾರೆ. ಯಾರು ಯಾರಿಗೆ ಕರೆಯುತ್ತಾರೆ ಎಂಬ ಪಟ್ಟಿ ಕಚೇರಿಯ ಗೋಡೆಯ ಮೇಲಿರುತ್ತದೆ. ಕೊನೆಯ ಪರೀಕ್ಷೆಯ ದಿನ ಪಟ್ಟಿ ಇಳಿಯುತ್ತದೆ.

ಸಂದೇಹ ಕೇಳುವ ಗ್ರೂಪಿಗೂ ಇದೇ ರೀತಿ. ಸದಸ್ಯರಾಗುವುದು ಪೋಷಕರ ಸಂಖ್ಯೆಗಳು, ಅದೂ ಸಂಖ್ಯೆ ಉಳಿದವರಿಗೆ ಕಾಣುತ್ತದೆ ಎಂದು ತಿಳಿಸಿ ಒಪ್ಪಿಗೆ ಪಡೆದ ಮೇಲೆ. ಇಬ್ಬರು ಶಿಕ್ಷಕರು ಮತ್ತು ಶಾಲೆಯ ಫೋನ್ ಅದರಲ್ಲಿರಬೇಕು, ರಾತ್ರಿ ಎಂಟಕ್ಕೆ ಮುಚ್ಚಬೇಕು. ಒಬ್ಬ ಹುಡುಗ ಗ್ರೂಪ್ ಬಿಟ್ಟು ಶಿಕ್ಷಕರಿಗೇ ನೇರವಾಗಿ ತ್ರಿಕೋನಮಿತಿಯ ಲೆಕ್ಕ ಕಳುಹಿಸಿದರೆ, “ಇದನ್ನು ಗ್ರೂಪಿನಲ್ಲಿ ಕೇಳು, ಎಲ್ಲರಿಗೂ ಉಪಯೋಗವಾಗುತ್ತದೆ” ಎಂಬ ಒಂದು ಸಾಲು ಸಾಕು, ಲೆಕ್ಕವನ್ನು ಅಲ್ಲಿ ಬಿಡಿಸಬೇಕಿಲ್ಲ.

ರಾತ್ರಿ 10.40ಕ್ಕೆ ಬಂದ ಸಂದೇಶ

ಹಾಗಾದರೆ ಮಗು ನಿಜವಾಗಿ ಸಂಕಟದಲ್ಲಿದ್ದು ಶಿಕ್ಷಕರನ್ನೇ ನಂಬಿ ಸಂದೇಶ ಕಳುಹಿಸಿದರೆ? “ಉತ್ತರಿಸಬೇಡಿ” ಎಂದಷ್ಟೇ ಹೇಳುವ ನಿಯಮ ಇಲ್ಲಿ ಮಗುವಿನ ಕೈ ಬಿಡುತ್ತದೆ. ಸಭೆಯಲ್ಲಿ ನಾವು ಒಂದು ಕಲ್ಪಿತ ಪ್ರಸಂಗವನ್ನು ಹಂತ ಹಂತವಾಗಿ ಬಿಡಿಸಿ ನೋಡಿದೆವು, ನೀವೂ ಹಾಗೆಯೇ ಮಾಡಿ. ಹತ್ತನೇ ತರಗತಿಯ ಹುಡುಗಿಯೊಬ್ಬಳು ವಿಜ್ಞಾನ ಶಿಕ್ಷಕರಿಗೆ ರಾತ್ರಿ 10.40ಕ್ಕೆ ಬರೆಯುತ್ತಾಳೆ: “ಸರ್, ನನಗೆ ಮನೆಯಲ್ಲಿ ಇರಲು ಭಯವಾಗುತ್ತಿದೆ. ಮಾವ ಬಂದಿದ್ದಾರೆ. ಯಾರಿಗೂ ಹೇಳಬೇಡಿ.”

ಶಿಕ್ಷಕರು ಒಂದೇ ಉತ್ತರ ಬರೆಯುತ್ತಾರೆ: “ನಿನ್ನ ಸಂದೇಶ ಓದಿದೆ. ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ. ಈಗ ನಿನ್ನ ಹತ್ತಿರ ಯಾರಿದ್ದಾರೆ? ನಿನಗೆ ಸಹಾಯ ಮಾಡಲು ಮುಖ್ಯಶಿಕ್ಷಕಿಯವರಿಗೆ ಈಗಲೇ ತಿಳಿಸುತ್ತೇನೆ. 1098ಕ್ಕೆ ನೀನೂ ಕರೆ ಮಾಡಬಹುದು.” ಇದರಲ್ಲಿ ಗುಟ್ಟು ಕಾಯುವ ಮಾತು ಇಲ್ಲ ಎಂಬುದನ್ನು ಗಮನಿಸಿ. ಏನಾಯಿತು, ಯಾವಾಗ, ಎಷ್ಟು ಸಲ ಎಂಬ ವಿಚಾರಣೆಯೂ ಇಲ್ಲ. ಕೆದಕಿ ಕೇಳುವುದು ಶಿಕ್ಷಕರ ಕೆಲಸವಲ್ಲ, ಕೆದಕಿದಷ್ಟೂ ಮಗುವಿನ ಹೇಳಿಕೆಗೆ ನಮ್ಮ ಮಾತು ಬೆರೆಯುತ್ತದೆ.

ಮರುಕ್ಷಣವೇ ಅವರು ಮುಖ್ಯಶಿಕ್ಷಕಿಗೆ ಕರೆ ಮಾಡುತ್ತಾರೆ, ಬೆಳಗಿನವರೆಗೆ ಕಾಯುವುದಿಲ್ಲ. ಮನೆಗೆ ಕರೆ ಮಾಡುವುದಿಲ್ಲ, ಏಕೆಂದರೆ ಭಯದ ಮೂಲ ಮನೆಯೊಳಗೇ ಇದೆ, ಆ ಫೋನನ್ನು ಎತ್ತುವವರು ಯಾರೋ ತಿಳಿಯದು. ಅಪಾಯ ಆ ಕ್ಷಣದ್ದಾಗಿದ್ದರೆ 112, ಇಲ್ಲದಿದ್ದರೆ ಮಕ್ಕಳ ಸಹಾಯವಾಣಿ 1098. ಲೈಂಗಿಕ ದೌರ್ಜನ್ಯದ ಶಂಕೆ ಇದ್ದರೆ ಪೊಲೀಸರಿಗೆ ತಿಳಿಸುವುದು ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಕಡ್ಡಾಯ. ಶಾಲೆಯ ಮರ್ಯಾದೆ ನೋಡಿಕೊಂಡು ಆಡಳಿತ ಮಂಡಳಿಯನ್ನು ಕೇಳಿ ತಿಳಿಸೋಣ ಎಂದು ತಡೆಹಿಡಿಯುವಂತಿಲ್ಲ. ತಿಳಿಸದಿರುವುದೇ 21ನೇ ಕಲಮಿನಲ್ಲಿ ಶಿಕ್ಷಾರ್ಹ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟರೆ ಅವರಿಗೆ ಒಂದು ವರ್ಷದವರೆಗೂ ಸೆರೆವಾಸವಾಗಬಹುದು.

ಸಂದೇಶವನ್ನು ಅಳಿಸಬಾರದು. ಅದರ ಸ್ಕ್ರೀನ್‌ಶಾಟನ್ನು ಸಿಬ್ಬಂದಿ ಗ್ರೂಪಿಗೆ ಹಾಕಲೇಬಾರದು. ಮಗುವಿನ ನಗ್ನ ಚಿತ್ರವೇನಾದರೂ ಯಾರ ಫೋನಿಗಾದರೂ ಬಂದಿದ್ದರೆ, ಅದನ್ನು ಮುಖ್ಯಶಿಕ್ಷಕರಿಗೂ ಫಾರ್ವರ್ಡ್ ಮಾಡಬಾರದು. ಬಂದ ಸಂಗತಿಯನ್ನು ಬಾಯಲ್ಲಿ ಹೇಳಿ, ಫೋನಿನ ಸಮೇತ ಪೊಲೀಸರ ಬಳಿ ಹೋಗಬೇಕು. ಒಳ್ಳೆಯ ಉದ್ದೇಶದಿಂದ “ನೋಡಿ ಮೇಡಂ” ಎಂದು ಕಳುಹಿಸಿದರೂ ಆ ಚಿತ್ರ ಇನ್ನೊಂದು ಕೈಗೆ ಹೋಯಿತು.

ಕೊನೆಗೆ, ಶಿಕ್ಷಕರು ಅದೇ ರಾತ್ರಿ ಕಾಗದದ ಮೇಲೆ ನಾಲ್ಕು ಸಾಲು ಬರೆದಿಡುತ್ತಾರೆ: ಎಷ್ಟು ಗಂಟೆಗೆ ಬಂತು, ಮಗು ಬಳಸಿದ ಪದಗಳು ಯಾವುವು, ತಾನು ಏನು ಉತ್ತರಿಸಿದೆ, ಯಾರಿಗೆ ಎಷ್ಟು ಗಂಟೆಗೆ ತಿಳಿಸಿದೆ. ಈ ಹಾಳೆ ಮುಖ್ಯಶಿಕ್ಷಕರ ಬೀಗದ ಕಡತಕ್ಕೆ ಹೋಗುತ್ತದೆ, ಹಾಜರಾತಿ ಪುಸ್ತಕದೊಳಗಲ್ಲ.

ಸಿಬ್ಬಂದಿಯ ಸ್ವಂತ ಖಾತೆಗಳು

ಇಲ್ಲಿ ಕಡಿಮೆ ಬರೆಯುವುದೇ ಲೇಸು. ಶಿಕ್ಷಕರಿಗೂ ಮನೆಯಿದೆ, ಅಭಿಪ್ರಾಯವಿದೆ. ಓದುತ್ತಿರುವ ವಿದ್ಯಾರ್ಥಿಗಳ ಗೆಳೆತನದ ಕೋರಿಕೆಯನ್ನು ಸ್ವೀಕರಿಸಬಾರದು, ಶಾಲೆ ಬಿಟ್ಟವರದನ್ನು 18 ತುಂಬುವವರೆಗೆ ಸ್ವೀಕರಿಸಬಾರದು. ಖಾತೆಯನ್ನು ಖಾಸಗಿಯಾಗಿ ಇಟ್ಟುಕೊಳ್ಳಬೇಕು. ವಾಟ್ಸ್‌ಆ್ಯಪ್ ಸ್ಟೇಟಸ್ ಪೋಷಕರಿಗೂ ಕಾಣುತ್ತದೆ ಎಂಬುದನ್ನು ಮರೆಯಬಾರದು. ಶಾಲೆಯ ಹೆಸರಿನಲ್ಲಿ ಪಕ್ಷ, ಜಾತಿ, ಧರ್ಮದ ಸಂದೇಶ ಹಂಚಬಾರದು.

ನಾನು ಗಟ್ಟಿಯಾಗಿ ನಿಂತದ್ದು ರೀಲ್ಸ್ ವಿಷಯದಲ್ಲಿ. ತರಗತಿಯಲ್ಲಿ ಮಕ್ಕಳನ್ನು ಕುಣಿಸಿ, ತಪ್ಪು ಉತ್ತರ ಹೇಳುವ ಮಗುವನ್ನು ನಗೆಪಾಟಲು ಮಾಡಿ ಸ್ವಂತ ಖಾತೆಗೆ ಹಾಕುವ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಆ ಮಗು ಹತ್ತು ವರ್ಷದ ನಂತರ ಕೆಲಸ ಕೇಳಲು ಹೋದಾಗಲೂ ಆ ವಿಡಿಯೊ ಉಳಿದಿರುತ್ತದೆ. ನಮ್ಮಲ್ಲಿ ಮಕ್ಕಳ ಮುಖ ಯಾವ ಸಿಬ್ಬಂದಿಯ ಸ್ವಂತ ಖಾತೆಗೂ ಹೋಗುವಂತಿಲ್ಲ. ಶಾಲೆಯ ಖಾತೆಗೆ ಹೋಗುವ ಫೋಟೊಗೆ ಜೂನ್‌ನ ಒಪ್ಪಿಗೆ ಹಾಳೆ ಬೇಕು. ಅದರಲ್ಲಿ ಗುಂಪು ಫೋಟೊ, ಒಂಟಿ ಫೋಟೊ, ವಿಡಿಯೊ ಎಂದು ಮೂರು ಪ್ರತ್ಯೇಕ ಚೌಕಗಳಿವೆ. ಮುಖದ ಜೊತೆ ಪೂರ್ತಿ ಹೆಸರು ಮತ್ತು ಊರು ಬರಬಾರದು. ಪ್ರಕರಣವೊಂದರಲ್ಲಿ ಸಿಲುಕಿದ ಅಥವಾ ಬಾಲಮಂದಿರದಿಂದ ಬರುವ ಮಗು ಇದ್ದರೆ ಆ ಫೋಟೊವನ್ನು ಹಾಕುವುದೇ ಇಲ್ಲ, ಅಂಥ ಮಕ್ಕಳ ಗುರುತು ಬಹಿರಂಗಪಡಿಸುವುದನ್ನು ಬಾಲನ್ಯಾಯ ಕಾಯ್ದೆ, 2015ರ 74ನೇ ಕಲಂ ತಡೆಯುತ್ತದೆ.

ಪೋಷಕರ ಸಿಟ್ಟು, ಶಿಕ್ಷಕರ ಸಂಜೆ

ಶಾಲೆಯ ಫೋನಿಗೆ ಉತ್ತರ ಸಿಗುವುದು ಕೆಲಸದ ದಿನ ಬೆಳಗ್ಗೆ 9ರಿಂದ ಸಂಜೆ 5ರವರೆಗೆ. ತುರ್ತು ಕರೆಗೆ ಮುಖ್ಯಶಿಕ್ಷಕರ ಸಂಖ್ಯೆಯನ್ನು ಕೊಟ್ಟಿರಿ. ರಾತ್ರಿ ಹನ್ನೊಂದಕ್ಕೆ ಏರುದನಿಯ ಧ್ವನಿ ಸಂದೇಶ ಬಂದರೆ ಬೆಳಗ್ಗೆ ಹೋಗಬೇಕಾದ ಉತ್ತರ ಇಷ್ಟೇ: “ನಿಮ್ಮ ಮಾತು ಕೇಳಿದೆ. ಇವತ್ತು 11 ಗಂಟೆಗೆ ಶಾಲೆಗೆ ಬನ್ನಿ, ಕುಳಿತು ಮಾತನಾಡೋಣ.” ಬರಹದಲ್ಲಿ ವಾದ ಬೆಳೆಸಬೇಡಿ, ನನ್ನ ಅನುಭವದಲ್ಲಿ ಹಾಗೆ ಬೆಳೆದ ಒಂದು ವಾದವೂ ಬರಹದಲ್ಲಿ ಮುಗಿದಿಲ್ಲ.

ಸಹಿ ಮತ್ತು ಮುರಿದಾಗ

ಕರಡನ್ನು ಸಿಬ್ಬಂದಿ ಸಭೆಯಲ್ಲಿ ಗಟ್ಟಿಯಾಗಿ ಓದಿ, ನಂತರ ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ ಮುಂದೆ, ಖಾಸಗಿಯಾದರೆ ಆಡಳಿತ ಮಂಡಳಿಯ ಮುಂದೆ ಇಟ್ಟು ನಡವಳಿ ಪುಸ್ತಕದಲ್ಲಿ ಬರೆಸಿ. ಪ್ರತಿಯೊಬ್ಬರ ಸಹಿ ಪಡೆಯಿರಿ. ಪೋಷಕರಿಗೆ ಒಂದು ಪುಟದ ಸಾರಾಂಶ ಕೊಡಿ, ಅದರಲ್ಲಿ “ನಮ್ಮ ಸಿಬ್ಬಂದಿಯಲ್ಲಿ ಯಾರಾದರೂ ನಿಮ್ಮ ಮಗುವಿಗೆ ಖಾಸಗಿಯಾಗಿ ಸಂದೇಶ ಕಳುಹಿಸಿದರೆ ಮುಖ್ಯಶಿಕ್ಷಕರಿಗೆ ತಿಳಿಸಿ” ಎಂಬ ಸಾಲು ದಪ್ಪಕ್ಷರದಲ್ಲಿರಲಿ. ದೂರು ಮುಖ್ಯಶಿಕ್ಷಕರ ಮೇಲೆಯೇ ಇದ್ದರೆ ಯಾರಿಗೆ ಹೇಳಬೇಕು ಎಂಬುದನ್ನೂ ಬರೆಯಬೇಕು. ನಾವು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ದೂರವಾಣಿ ಸಂಖ್ಯೆಯನ್ನು ಮತ್ತು 1098 ಅನ್ನು ಹಾಕಿದೆವು.

ಮುರಿದಾಗ ಎರಡು ಬಗೆಯನ್ನು ಬೇರ್ಪಡಿಸಿ. ಕೈತಪ್ಪಿ ಗ್ರೂಪಿಗೆ ಪಟ್ಟಿ ಹಾಕಿದವರು ತಕ್ಷಣ ಎಲ್ಲರಿಗೂ ಅಳಿಸಿ, ಮುಖ್ಯಶಿಕ್ಷಕರಿಗೆ ತಾವೇ ಬಂದು ಹೇಳಿದರೆ ಮಾತಿನಲ್ಲೇ ಮುಗಿಯುತ್ತದೆ, ಆ ಮನೆಯವರ ಕ್ಷಮೆ ಕೇಳಬೇಕಾಗುತ್ತದೆ. ಆದರೆ ವಿದ್ಯಾರ್ಥಿಯ ಜೊತೆ ಖಾಸಗಿ ಸಂದೇಶ ನಡೆದಿದ್ದರೆ, ಅದರಲ್ಲೂ ಅಳಿಸಿದ ಸಂದೇಶಗಳು, ತಡರಾತ್ರಿಯ ಹೊತ್ತು, ಉಡುಗೊರೆ ಅಥವಾ ರೀಚಾರ್ಜ್ ಮಾಡಿಸಿದ ಸುಳಿವು, “ಯಾರಿಗೂ ಹೇಳಬೇಡ” ಎಂಬ ಮಾತು ಕಂಡರೆ, ಶಾಲೆಯೊಳಗೆ ರಾಜಿ ಮಾಡಿಸಲು ಕೂರಬೇಡಿ. ಅವರನ್ನು ಮಕ್ಕಳ ಸಂಪರ್ಕದಿಂದ ಅಂದೇ ದೂರವಿಟ್ಟು, 10.40ರ ಪ್ರಸಂಗದಲ್ಲಿ ಹೇಳಿದ ದಾರಿಯನ್ನೇ ಹಿಡಿಯಿರಿ.

ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರ ಒಂದು ಕೆಲಸ ಬಾಕಿ ಇರುತ್ತದೆ. ಬೇಕಾದ ದಾಖಲೆಯನ್ನು ಶಾಲೆಯ ಕಂಪ್ಯೂಟರಿನಲ್ಲಿ ಉಳಿಸಿಕೊಂಡು, ಆ ತಂಡದ ಗ್ರೂಪಿನಿಂದ ಎಲ್ಲರನ್ನೂ ತೆಗೆದು ಮುಚ್ಚಿಬಿಡಿ, ಶಿಕ್ಷಕರ ಸ್ವಂತ ಫೋನಿನಲ್ಲಿ ಉಳಿದ ಮಕ್ಕಳ ಸಂಖ್ಯೆ ಮತ್ತು ಫೋಟೊಗಳನ್ನು ಎದುರಿಗೇ ಅಳಿಸಿಸಿ. ನಮ್ಮಲ್ಲಿ ಅದು ಮೇ ತಿಂಗಳ ಒಂದು ಮಧ್ಯಾಹ್ನ, ಸಿಬ್ಬಂದಿ ಕೊಠಡಿಯಲ್ಲಿ ಎಲ್ಲರೂ ಫೋನ್ ಮೇಜಿನ ಮೇಲಿಟ್ಟು ಮಾಡುವ ಕೆಲಸ. ವ್ಯಾನ್ ಚಾಲಕರನ್ನೂ ಕರೆಯುತ್ತೇವೆ.